ಎರಡು ಇಂಚು ನೀರು ಅಂದ್ರೆ ಗಂಟೆಗೆ 56 ಸಾವಿರ ಲೀಟರಾ? ನನ್ನ ಲೆಕ್ಕ ಎಲ್ಲಿ ತಪ್ಪಿದೆ ನೋಡಿ

ಶಿರಾ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ಎರಡನೇ ವರ್ಷ, ಫಿಸಿಕ್ಸ್. ಮೊನ್ನೆ ಚಿಕ್ಕಪ್ಪನ ತೋಟದಲ್ಲಿ ಬೋರ್ ಕೊರೆಸಿದ್ರು. 420 ಅಡಿ ಹೋಯ್ತು, ನೀರು ಬಂತು. ರಿಗ್‌ನವರು ಮಣ್ಣಲ್ಲಿ ಒಂದು ಸಣ್ಣ ಬದು ಕಟ್ಟಿ, ಮಧ್ಯದಲ್ಲಿ ವಿ ಆಕಾರಕ್ಕೆ ಕತ್ತರಿಸಿದ ತಗಡು ನಿಲ್ಲಿಸಿ, ಅದರ ಮೇಲೆ ಹರಿಯೋ ನೀರಿಗೆ ಸ್ಕೇಲ್ ಇಟ್ಟು "ಎರಡು ಇಂಚು ಅಣ್ಣ" ಅಂದು ದುಡ್ಡು ಎಣಿಸಿಕೊಂಡು ಹೋದ್ರು.

ಎರಡು ಇಂಚು ಅಂದ್ರೆ ಗಂಟೆಗೆ ಎಷ್ಟು ಲೀಟರ್ ಅಂತ ಚಿಕ್ಕಪ್ಪ ಕೇಳಿದ್ರು. ಓದ್ತಾ ಇರೋದು ಫಿಸಿಕ್ಸ್ ಅಲ್ವಾ, ಮರ್ಯಾದೆ ಪ್ರಶ್ನೆ. ವಿ-ನಾಚ್ ಸೂತ್ರ ನೆನಪಿನಿಂದಲೇ ಬರೆದು ಹೀಗೆ ಮಾಡಿದೆ:

```
Q = (8/15) × 0.58 × √(2g) × h^(3/2)
h = 0.0508
Q = 0.0157
```

ಸೆಕೆಂಡಿಗೆ 15.7 ಲೀಟರ್, ಅಂದ್ರೆ ಗಂಟೆಗೆ 56 ಸಾವಿರ ಲೀಟರ್. ಚಿಕ್ಕಪ್ಪ ಖುಷಿಯಾಗಿ ಆಗಲೇ ಐದು ಎಚ್‌ಪಿ ಮೋಟರ್ ವಿಚಾರಿಸ್ತಾ ಇದಾರೆ. ನನಗೆ ಮಾತ್ರ ಯಾಕೋ ಅನುಮಾನ. ಕ್ಯಾಲ್ಕುಲೇಟರಲ್ಲಿ ನಾಲ್ಕು ಸಲ ಒತ್ತಿ ನೋಡಿದೆ, ಅದೇ ಬರುತ್ತೆ. ತಪ್ಪಿದ್ರೆ ಎಲ್ಲಿ?

ಗುಂಡ್ಲುಪೇಟೆ_ಗಿರಾಕಿ

ಐದು ಸಾವಿರ ಲೀಟರ್ ಟ್ಯಾಂಕರ್ ಐದೂವರೆ ನಿಮಿಷಕ್ಕೆ ತುಂಬುತ್ತಾ? ಯಾವ ಊರು ಗುರು ಅದು, ನಾವೂ ಬಂದು ಸೈಟ್ ತಗೋತೀವಿ.

ಹಳೇ_ಇಂಜಿನಿಯರ್

ಶಿರಾದವರೇ, ಕ್ಯಾಲ್ಕುಲೇಟರ್ ಪಕ್ಕಕ್ಕಿಡಿ. ನಾಲ್ಕು ಸಲ ಅಲ್ಲ, ನಲವತ್ತು ಸಲ ಒತ್ತಿದ್ರೂ ಅದು ಅದೇ ತಪ್ಪನ್ನ ಅಷ್ಟೇ ನಿಷ್ಠೆಯಿಂದ ತೋರಿಸುತ್ತೆ. ನಿಮ್ಮ ಸೂತ್ರದ ಅಂಕಿಗಳನ್ನೆಲ್ಲ ಅಳಿಸಿ. 8/15, 0.58, 2, ಇವು ಯಾವುದಕ್ಕೂ ಯೂನಿಟ್ ಇಲ್ಲ. ಉಳಿಯೋದು √g ಮತ್ತು h^(3/2). ಅವುಗಳ ಯೂನಿಟ್ ಮಾತ್ರ ಬರೆದು ಗುಣಿಸಿ, ಏನು ಬಂತು ಅಂತ ಇಲ್ಲಿ ಹಾಕಿ. ಉತ್ತರ ನಾನೇ ಹೇಳಲ್ಲ.

ಇನ್ನೊಂದು ಗಮನಿಸಿದೆ. ನೀವು "h = 0.0508" ಅಂತ ಬರೆದಿದೀರಿ. ಏನು 0.0508? ಮೀಟರಾ, ಮಾವಿನಕಾಯಾ? ಕೆಳಗೆ "Q = 0.0157" ಅಂತ ಬಂದಾಗ ಅದನ್ನ ಘನ ಮೀಟರ್ ಪರ್ ಸೆಕೆಂಡ್ ಅಂತ ನೀವು ಅಂದುಕೊಂಡಿರಿ ಅಷ್ಟೇ. ಸೂತ್ರ ಹಾಗಂತ ಎಲ್ಲೂ ಹೇಳಿಲ್ಲ.

ಶಿರಾ_ಹುಡುಗ

ಮಾಡಿದೆ ಸಾರ್.

g ಗೆ ಮೀ/ಸೆ², ಅದರ ವರ್ಗಮೂಲ ಮೀ^(1/2)/ಸೆ. h^(3/2) ಗೆ ಮೀ^(3/2). ಗುಣಿಸಿದ್ರೆ ಮೀ²/ಸೆ.

ಬರಬೇಕಾಗಿದ್ದು ಮೀ³/ಸೆ. ಒಂದು ಮೀಟರ್ ಕಮ್ಮಿ! ಅಂದ್ರೆ ಘಾತ 3/2 ಅಲ್ಲ, 5/2. ಥೂ.

ಹೊಸ ಉತ್ತರ 0.0008 ಮೀ³/ಸೆ, ಅಂದ್ರೆ ಸೆಕೆಂಡಿಗೆ 0.8 ಲೀಟರ್, ಗಂಟೆಗೆ 2,870 ಲೀಟರ್. ಮೊದಲಿನದಕ್ಕಿಂತ ಇಪ್ಪತ್ತು ಪಟ್ಟು ಕಮ್ಮಿ. ಚಿಕ್ಕಪ್ಪನಿಗೆ ಈಗ ಹೇಗೆ ಹೇಳೋದು?

ಹಳೇ_ಇಂಜಿನಿಯರ್

ಘಾತ ಸರಿ ಮಾಡಿದ್ದು ಒಳ್ಳೇದು. ಆದ್ರೆ ಅಲ್ಲಿಗೇ ನಿಲ್ಲಿಸಬೇಡಿ. ಕಳೆದುಹೋದ ಆ ಒಂದು ಮೀಟರ್ ಯಾವುದು ಅಂತ ಗೊತ್ತಾಗದಿದ್ರೆ ಮುಂದಿನ ಸಲ ಇನ್ನೊಂದು ಕಡೆ ಕಳೀತೀರಿ.

ನೀರು ತಗಡಿನ ಕಿಂಡಿ ದಾಟುವಾಗ ಅದರ ವೇಗ ಸುಮಾರು √(2gh) ರೀತಿಯಲ್ಲಿರುತ್ತೆ. ಅದು ಮೀ/ಸೆ. ವೇಗವನ್ನ ಕಿಂಡಿಯ ವಿಸ್ತೀರ್ಣದಿಂದ ಗುಣಿಸಿದ್ರೆ ಹರಿವು. ವಿಸ್ತೀರ್ಣಕ್ಕೆ ಎರಡು ಉದ್ದ ಬೇಕು, ಎತ್ತರ ಒಂದು, ಅಗಲ ಒಂದು. ಆಯತಾಕಾರದ ಕಿಂಡಿಯಲ್ಲಿ ಅಗಲ b ಅಂತ ಸೂತ್ರದಲ್ಲೇ ಬೇರೆಯಾಗಿ ಕೂತಿರುತ್ತೆ, ಹಾಗಾಗಿ ಅಲ್ಲಿ h ಗೆ ಘಾತ 3/2 ಸಾಕು. ವಿ ಆಕಾರದಲ್ಲಿ ನೀರು ಏರಿದ ಹಾಗೆ ಅಗಲವೂ ಏರುತ್ತೆ, ಅಗಲವೇ h ಲೆಕ್ಕದಲ್ಲಿದೆ. ಅದಕ್ಕೇ ಇನ್ನೊಂದು h ಒಳಗೆ ಬಂದು 5/2 ಆಗೋದು. ನೀವು ಎರಡು ಸೂತ್ರಗಳ ಕಸಿ ಕಟ್ಟಿದ್ದೀರಿ. 8/15 ವಿ-ನಾಚಿನದು, 3/2 ಆಯತದ್ದು. ಅಗಲ ಮಾತ್ರ ಇಬ್ಬರ ಕಡೆಯಿಂದಲೂ ಬರಲಿಲ್ಲ.

ಸಿಇಟಿ_ಸಂಗ್ರಾಮ

ಇದಕ್ಕೆ ಸೂತ್ರ ನೆನಪಿರಲೇಬೇಕು ಅಂತಿಲ್ಲ ಬ್ರೋ. Q ಅನ್ನೋದು g ಮತ್ತು h ಮೇಲೆ ನಿಂತಿದೆ ಅಂತ ಇಟ್ಕೊ. ಸೆಕೆಂಡ್ ಇರೋದು g ಒಳಗೆ ಮಾತ್ರ, ಅದೂ ಸೆ². ಬೇಕಾಗಿರೋದು ಒಂದೇ ಸೆಕೆಂಡ್, ಹಾಗಾಗಿ √g ಬಿಟ್ಟು ಬೇರೆ ದಾರಿ ಇಲ್ಲ. √g ಅರ್ಧ ಮೀಟರ್ ಘಾತ ಕೊಡುತ್ತೆ, ಒಟ್ಟು ಮೂರು ಆಗೋಕೆ h ಗೆ ಎರಡೂವರೆ. ಮುಗೀತು. ನಾನು ಸಿಇಟಿಯಲ್ಲಿ ಹೀಗೇ ಆಪ್ಷನ್ ಹೊಡೆದು ಹಾಕೋದು. ಯೂನಿಟ್ ತಾಳೆ ಆಯ್ತು ಅಂದ್ರೆ ಉತ್ತರ ಸರಿ, ಕಣ್ಣು ಮುಚ್ಚಿ ಟಿಕ್ ಮಾಡು.

ಧಾರವಾಡದ_ಅಕ್ಕೋರು

ಅಯ್ಯ, ಕಣ್ಣ ಮುಚ್ಚಬ್ಯಾಡೋ ತಮ್ಮಾ. ಮೊದಲಿನ ಅರ್ಧ ಭಾರಿ ಚಲೋ ಹೇಳಿದಿ, ಕಡೀ ಸಾಲಿನಾಗ ಜಾರಿ ಬಿದ್ದಿ. ಯೂನಿಟ್ ತಾಳಿ ಆಗಲಿಲ್ಲಂದ್ರ ಉತ್ತರ ಖಂಡಿತ ತಪ್ಪು. ತಾಳಿ ಆತಂದ್ರ ಇನ್ನೂ ತಪ್ಪು ಸಿಕ್ಕಿಲ್ಲ ಅಂತ ಅಷ್ಟ.

ಈ ಹುಡುಗನ ಸೂತ್ರದಾಗ 0.58 ಬರಿಯೂದು ಮರತಿದ್ದ ಅನ್ನು. ಸೆಕೆಂಡಿಗೆ 1.4 ಲೀಟರ್ ಬರ್ತಿತ್ತು. ಯೂನಿಟ್ ಹೂ ಅಂದಂಗ ಇರ್ತಾವ, ನೀರು ಮಾತ್ರ ಅಷ್ಟು ಇರೂದಿಲ್ಲ. 8/15 ಬದಲಿ 2/3 ಬರದ್ರೂ ಯಾರೂ ಕೇಳೂದಿಲ್ಲ. ನಾನು ಪಿಯು ಮಕ್ಕಳಿಗೆ ಕಲಸ್ತೀನಿ, ವರ್ಷಾ ಒಬ್ಬರರ ಟಾರ್ಕಿನ ಉತ್ತರಕ್ಕ ಜೌಲ್ ಅಂತ ಬರದು ಬರ್ತಾರ. ನ್ಯೂಟನ್ ಮೀಟರ್ ಅಂದ್ರ ಜೌಲೇ ಅಲ್ಲೇನ್ರಿ ಟೀಚರ್ ಅಂತ ವಾದ ಬ್ಯಾರೆ. ಯೂನಿಟ್ ಒಂದ, ವಸ್ತು ಬ್ಯಾರೆ. ಅದನ್ನ ಯೂನಿಟ್ ನೋಡಿ ಹಿಡಿಯಾಕ ಆಗೂದಿಲ್ಲ.

ಸಿಇಟಿ_ಸಂಗ್ರಾಮ

ಮೇಡಂ, ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಒಂದು ನಿಮಿಷ ಸಿಗೋದು. ನಾಲ್ಕರಲ್ಲಿ ಎರಡು ಆಪ್ಷನ್ ಹೋದ್ರೂ ಲಾಭವೇ.

ಧಾರವಾಡದ_ಅಕ್ಕೋರು

ಪರೀಕ್ಷಾಕ್ಕ ಲಾಭ ಹೌದು. ಇಲ್ಲೆ ಮೋಟರ್ ತರಾಕ ಹೊಂಟಾರಪ್ಪ.

ಸಕಲೇಶಪುರ_ಕಾಫಿ

ನಮ್ಮಲ್ಲಿ ಕಳೆದ ವಾರ ಎರಡೂಕಾಲು ಇಂಚು ಬಿತ್ತು. ಹೂ ಮಳೆ ಚೆನ್ನಾಗಾಯ್ತು. ಗಂಟೆಗೆ ಇಷ್ಟು ಲೀಟರ್ ಅಂತೆಲ್ಲ ಲೆಕ್ಕ ಹಾಕೋದು ಯಾಕೆ? ಮಳೆ ಮಾಪಕದಲ್ಲಿ ನೋಡಿದ್ರೆ ಸಾಕಲ್ವಾ?

ಗುಂಡ್ಲುಪೇಟೆ_ಗಿರಾಕಿ

ಸಾರ್, ಇದು ಮೇಲಿಂದ ಬಿದ್ದ ಇಂಚಲ್ಲ, ಕೆಳಗಿಂದ ಎದ್ದ ಇಂಚು.

ಹಳೇ_ಇಂಜಿನಿಯರ್

ಕಾಫಿಯವರು ದಾರಿ ತಪ್ಪಿ ಬಂದ್ರೂ ಒಳ್ಳೇ ವಿಷಯ ಎತ್ತಿದ್ರು. ಮಳೆಯ ಇಂಚು ಪ್ರಾಮಾಣಿಕ ಇಂಚು. ಬಿದ್ದ ನೀರಿನ ಗಾತ್ರವನ್ನ ನೆಲದ ವಿಸ್ತೀರ್ಣದಿಂದ ಭಾಗಿಸಿದ್ರೆ ಮೀ³ ಭಾಗಿಸು ಮೀ², ಉಳಿಯೋದು ಉದ್ದ. ಅದಕ್ಕೆ ಅವರು ಇಂಚು ಅನ್ನೋದರಲ್ಲಿ ತಪ್ಪೇನಿಲ್ಲ. ಒಂದು ಎಕರೆ ಮೇಲೆ ಒಂದು ಇಂಚು ಬಿದ್ರೆ ಒಂದು ಲಕ್ಷದ ಮೂರು ಸಾವಿರ ಲೀಟರ್ ಆಸುಪಾಸು.

ಬೋರಿನ ಇಂಚು ಹಾಗಲ್ಲ. ಹರಿವನ್ನ ಉದ್ದದ ಹೆಸರಿಂದ ಕರೀತಾ ಇದೀವಿ. ಅದು ತಗಡಿನ ಮೇಲೆ ಇಟ್ಟ ಗುರುತು ಅಷ್ಟೇ. ಕೂಡೋಕೆ, ಗುಣಿಸೋಕೆ ಹೋದ್ರೆ ಮೋಸ.

ಬಿಸಿಲೂರು

ಇದೇ ಥರ ಟಿವಿಯಲ್ಲಿ "ಜಲಾಶಯದಲ್ಲಿ ಹತ್ತು ಸಾವಿರ ಕ್ಯೂಸೆಕ್ ನೀರಿದೆ" ಅಂತ ಓದಿದಾಗೆಲ್ಲ ತಲೆ ಚಚ್ಚಿಕೊಳ್ಳೋ ಹಾಗಾಗುತ್ತೆ. ಇರೋದು ಟಿಎಂಸಿ, ಹರಿಯೋದು ಕ್ಯೂಸೆಕ್. ಒಂದು ಟಿಎಂಸಿ ಒಂದೇ ದಿನದಲ್ಲಿ ಖಾಲಿ ಆಗಬೇಕು ಅಂದ್ರೆ 11,574 ಕ್ಯೂಸೆಕ್ ಬಿಡಬೇಕು. ಕೆಆರ್‌ಎಸ್ 49 ಟಿಎಂಸಿ ಅಂತಾರಲ್ಲ, ಒಳಹರಿವೇ ಇಲ್ಲದೆ ಹತ್ತು ಸಾವಿರ ಕ್ಯೂಸೆಕ್ ಬಿಟ್ರೆ ಲೆಕ್ಕದಲ್ಲಿ 57 ದಿನ. ಈ ಎರಡನ್ನ ಬೆರೆಸಿ ಕಾವೇರಿ ಜಗಳ ಆಡೋರು ಎಷ್ಟು ಜನ!

ಗುಂಡ್ಲುಪೇಟೆ_ಗಿರಾಕಿ

ಕಾವೇರಿ ಇಲ್ಲಿ ಬೇಡ ಮಾರಾಯ, ಥ್ರೆಡ್ ಲಾಕ್ ಮಾಡ್ತಾರೆ.

ಪಂಪ್_ಅಂಗಡಿ

ನಾನು ಇಪ್ಪತ್ತೆರಡು ವರ್ಷದಿಂದ ಪಂಪ್ ಮಾರ್ತಾ ಇದೀನಿ. ನಮ್ಮ ಲೆಕ್ಕ ಒಂದೇ ಸಾಲು. ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಎತ್ತಬೇಕು, ಎರಡನ್ನ ಗುಣಿಸಿ 75ರಿಂದ ಭಾಗಿಸು, ಎಚ್‌ಪಿ ಬಂತು. ಪಂಪ್ ಇಳಿಸೋದು 400 ಅಡಿಗೆ ಅಂತಿಟ್ಕೊಳ್ಳಿ, 122 ಮೀಟರ್. 0.8 ಇಂಟು 122 ಬೈ 75, 1.3 ಎಚ್‌ಪಿ. ಪಂಪು ಮೋಟರ್ ತಿನ್ನೋದಕ್ಕೆ ಅದರ ಎರಡರಷ್ಟು ಹಿಡಿದ್ರೆ ಎರಡೂವರೆ, ಮೂರು ಎಚ್‌ಪಿ ಕೊಡ್ತೀನಿ. ಇದರಲ್ಲಿ ನಿಮ್ಮ g ಎಲ್ಲೂ ಇಲ್ಲ, ಆದ್ರೂ ಒಂದು ಪಂಪೂ ವಾಪಸ್ ಬಂದಿಲ್ಲ. ಯೂನಿಟ್ ಗೀನಿಟ್ ಕಾಲೇಜಿಗೆ ಸರಿ.

ಸಿಇಟಿ_ಸಂಗ್ರಾಮ

ಅಂಕಲ್, g ಇಲ್ಲದೆ ಪವರ್ ಬರೋಕೆ ಸಾಧ್ಯನೇ ಇಲ್ಲ. ಲೀಟರ್ ಪರ್ ಸೆಕೆಂಡನ್ನ ಕೆಜಿ ಪರ್ ಸೆಕೆಂಡ್ ಅಂತ ಹಿಡಿದ್ರೂ, ಮೀಟರಿಂದ ಗುಣಿಸಿದ್ರೆ ಕೆಜಿ ಮೀ/ಸೆ. ಅದು ಮೊಮೆಂಟಮ್, ಪವರ್ ಅಲ್ಲ. ನಿಮ್ಮ ಸೂತ್ರ ತಪ್ಪು.

ಪಂಪ್_ಅಂಗಡಿ

ಮೊಮೆಂಟಮ್ಮೋ ಏನೋ, ನೀರು ಮೇಲೆ ಬರ್ತಾ ಇದೆಯಲ್ಲಪ್ಪ.

ಹಳೇ_ಇಂಜಿನಿಯರ್

ಇಬ್ಬರೂ ಸ್ವಲ್ಪ ನಿಲ್ಲಿ. ಅಂಗಡಿಯವರ ಲೆಕ್ಕ ಸರಿ, ಸಂಗ್ರಾಮನ ಅನುಮಾನವೂ ನ್ಯಾಯವೇ. g ಇಲ್ಲ ಅಂತಲ್ಲ, ಅಡಗಿ ಕೂತಿದೆ.

ಹಳೇ ಪದ್ಧತಿಯಲ್ಲಿ ಒಂದು ಕೆಜಿ ತೂಕ ಅಂದ್ರೆ ಒಂದು ಕೆಜಿ ವಸ್ತುವನ್ನ ಭೂಮಿ ಎಳೆಯೋ ಬಲ. ಆ ತೂಕದ ಕೆಜಿಯೊಳಗೆ g ಮೊದಲೇ ಸೇರಿಹೋಗಿದೆ. ಒಂದು ಸೆಕೆಂಡಲ್ಲಿ 75 ಕೆಜಿ ತೂಕವನ್ನ ಒಂದು ಮೀಟರ್ ಎತ್ತೋ ಶಕ್ತಿಗೆ ಒಂದು ಮೆಟ್ರಿಕ್ ಎಚ್‌ಪಿ ಅಂತ ಹೆಸರು. ಅಂಗಡಿಯವರ 75 ಬರೀ ಅಂಕಿಯಲ್ಲ, ಅದರ ಬೆನ್ನ ಮೇಲೆ ಕೆಜಿ-ತೂಕ ಮೀಟರ್ ಪರ್ ಸೆಕೆಂಡ್ ಪರ್ ಎಚ್‌ಪಿ ಅಂತ ದೊಡ್ಡ ಮೂಟೆ ಇದೆ. ನನ್ನ ದಾರಿಯಲ್ಲಿ ಮಾಡಿ ನೋಡಿ: 1000 × 9.8 × 0.0008 × 122, ಸುಮಾರು 956 ವ್ಯಾಟ್. ಮೆಟ್ರಿಕ್ ಎಚ್‌ಪಿ 735.5 ವ್ಯಾಟ್. ಭಾಗಿಸಿದ್ರೆ ಅದೇ 1.3.

ಅಪಾಯ ಇರೋದು ಎಲ್ಲಿ ಅಂದ್ರೆ, ಇದೇ ಸಾಲನ್ನ ಕಾಲೇಜು ಹುಡುಗ ಎತ್ತಿಕೊಂಡು 75 ಬಿಟ್ಟು "ಉತ್ತರ 98 ವ್ಯಾಟ್" ಅಂತ ಬರೀತಾನಲ್ಲ, ಅಲ್ಲಿ. ಅಂಗಡಿಯವರು ಯಾವತ್ತೂ ಬಿಡಲ್ಲ, ಯಾಕಂದ್ರೆ ಅವರಿಗೆ ಅದು ಕೈಗೆ ಕೂತಿದೆ.

ಪಂಪ್_ಅಂಗಡಿ

ಈಗ ನೀವು ಹೇಳಿದ್ದು ಮರ್ಯಾದೆ ಮಾತು. ಆ ಹುಡುಗನಿಗೆ ಹೇಳಿ.

ನ್ಯೂಜರ್ಸಿ_ಕನ್ನಡಿಗ

ನಮ್ಮ ಆಫೀಸಲ್ಲಿ ಇಂಥ ತಪ್ಪು ಆಗದ ಹಾಗೆ ಯೂನಿಟ್ಟನ್ನ ಕೋಡ್ ಒಳಗೇ ಇಡ್ತೀವಿ. ಪೈಥಾನಲ್ಲಿ pint ಅಂತ ಲೈಬ್ರರಿ ಇದೆ. ಶಿರಾದವರ ಮೊದಲ ಸೂತ್ರ ಹಾಕಿ ನೋಡಿ:

```python
import pint
u = pint.UnitRegistry()
g = 9.8 * u.m / u.s**2
h = 2 * u.inch
Q = 0.4375 * g**0.5 * h**1.5
print(Q.to('liter/second'))
```

DimensionalityError ಅಂತ ಬೈದು ನಿಂತುಬಿಡುತ್ತೆ. 1.5 ತೆಗೆದು 2.5 ಮಾಡಿ, 0.8 ಹತ್ತಿರ ಬರುತ್ತೆ. ಇಂಚನ್ನ ಮೀಟರಿಗೆ ನಾನು ಬದಲಾಯಿಸಿಯೇ ಇಲ್ಲ ನೋಡಿ, ಅದೇ ಮಾಡಿಕೊಳ್ಳುತ್ತೆ. (0.4375 ಅನ್ನೋದು 8/15, 0.58, √2 ಮೂರನ್ನೂ ಗುಣಿಸಿದ್ದು.)

ಧಾರವಾಡದ_ಅಕ್ಕೋರು

ಚಲೋ ಐತ್ರಿ. ಆದ್ರ 0.4375 ಬದಲಿ 4.375 ಟೈಪ್ ಮಾಡಿದ್ರ ಅದು ಬೈಯೂದಿಲ್ಲಲ್ಲ?

ನ್ಯೂಜರ್ಸಿ_ಕನ್ನಡಿಗ

ಬೈಯಲ್ಲ ಮೇಡಂ. ನಗುನಗುತ್ತಾ 8 ಲೀಟರ್ ಅನ್ನುತ್ತೆ.

ಮಧುಗಿರಿ_ರೈತ

ಎಲ್ಲ ಓದಿದೆ, ಅರ್ಧ ಅರ್ಥ ಆಯ್ತು. ಒಂದು ಕೇಳ್ತೀನಿ. ನಂದು ಒಂದು ಇಂಚು ನೀರು, ಪಕ್ಕದ ಜಮೀನಿಂದು ಎರಡು ಇಂಚು. ಅಂದ್ರೆ ನನ್ನ ಎರಡರಷ್ಟು ಅವನಿಗೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಅದು ಸುಳ್ಳಾ?

ಹಳೇ_ಇಂಜಿನಿಯರ್

ಇಬ್ಬರದ್ದೂ ಒಂದೇ ಥರದ ತಗಡಲ್ಲಿ ಅಳೆದಿದ್ರೆ, ಅವರಿಗೆ ನಿಮ್ಮ ಐದೂವರೆ ಪಟ್ಟಿಗಿಂತ ಜಾಸ್ತಿ. ಎರಡನ್ನ ಎರಡೂವರೆ ಘಾತಕ್ಕೆ ಏರಿಸಿದ್ರೆ 5.66. ನಿಮ್ಮದು ಗಂಟೆಗೆ 500 ಲೀಟರ್ ಚಿಲ್ಲರೆ, ಅವರದು 2,870. ಮೂರು ಇಂಚು ಅಂದ್ರೆ ಎರಡು ಇಂಚಿನ 2.76 ಪಟ್ಟು.

ಮಧುಗಿರಿ_ರೈತ

ಅಯ್ಯೋ ಶಿವನೇ. ಪಾಲು ಮಾಡಿಕೊಳ್ಳುವಾಗ ಎರಡು ಸಣ್ಣ ಬೋರು ಸೇರಿದ್ರೆ ಅವನ ಒಂದಕ್ಕೆ ಸಮ ಅಂತ ಒಪ್ಪಿಕೊಂಡಿದ್ದೆ.

ಬಿಸಿಲೂರು

ತಡೀರಿ, ನಮ್ಮ ಕಡೆ ಎರಡು ಇಂಚು ನೀರು ಅಂದ್ರೆ ಎರಡು ಇಂಚಿನ ಪೈಪ್ ತುಂಬಿ ಬರೋದು ಅಂತ ಅರ್ಥ. ತಗಡು ಗಿಗಡು ನಾನು ನೋಡೇ ಇಲ್ಲ. ನೀವೆಲ್ಲ ಯಾವ ಇಂಚು ಮಾತಾಡ್ತಾ ಇದೀರಿ?

ಪಂಪ್_ಅಂಗಡಿ

ರಿಗ್‌ನವರು ಹೇಳೋದು ತಗಡಿನ ಇಂಚು. ಮೋಟರ್ ಇಳಿಸಿದ ಮೇಲೆ ರೈತರು ಹೇಳೋದು ಪೈಪಿನ ಇಂಚು. ಎರಡೂ ಬೆರೆಸಿ ಜಗಳಕ್ಕೆ ಬರೋದು ನಮ್ಮ ಅಂಗಡಿಗೆ.

ಹಳೇ_ಇಂಜಿನಿಯರ್

ಪೈಪಿನ ಇಂಚಂತೂ ಇನ್ನೂ ಅಪೂರ್ಣ. ಪೈಪಿನ ಅಗಲ ಕೊಟ್ರೆ ವಿಸ್ತೀರ್ಣ ಸಿಗುತ್ತೆ, ಮೀ². ಮೀ³/ಸೆ ಆಗೋಕೆ ಯಾವುದಾದ್ರೂ ವೇಗ ಬೇಕು, ಅದನ್ನ ಯಾರೂ ಹೇಳಲ್ಲ. ಎರಡು ಇಂಚಿನ ಪೈಪಲ್ಲಿ ನೀರು ನಿಧಾನಕ್ಕೆ ಬಂದ್ರೂ ಎರಡು ಇಂಚೇ, ರಭಸವಾಗಿ ಬಂದ್ರೂ ಎರಡು ಇಂಚೇ. ತಗಡಿನಲ್ಲಿ ಆ ವೇಗವನ್ನ g ಒದಗಿಸುತ್ತೆ, ಅದಕ್ಕೇ ಒಂದು ಎತ್ತರ ಅಳೆದ್ರೆ ಸಾಕಾಗೋದು.

ಸಂಜೆ_ಕಾಲೇಜು

ನಾನು ಇನ್ನೊಂದು ಕಡೆ ಎಡವಿದೆ. ಸೂತ್ರವನ್ನ ಚಿಕ್ಕದು ಮಾಡಿ Q = 1.37 h^2.5 ಅಂತ ಬರ್ಕೊಂಡೆ. h ಗೆ ಸೀದಾ 2 ಹಾಕಿದೆ, ಇಂಚಲ್ವಾ. 7.75 ಬಂತು. 7.75 ಏನು? ಘನ ಇಂಚಾ?

ಹಳೇ_ಇಂಜಿನಿಯರ್

ಏನೂ ಅಲ್ಲ. ಆ 1.37 ಒಳಗೆ √g ನುಂಗಿ ಕೂತಿದೆ, ಅದೂ ಮೀಟರಲ್ಲಿ. ಹಾಗಾಗಿ 1.37ಕ್ಕೆ ಮೀ^(1/2)/ಸೆ ಅನ್ನೋ ಬಾಲ ಇದೆ, ಬರೆಯೋರು ಬಿಟ್ಟುಬಿಡ್ತಾರೆ. ಅಮೆರಿಕದ ಕೈಪಿಡಿಗಳಲ್ಲಿ ಇದೇ ತಗಡಿಗೆ 2.49 h^2.48 ಅಂತ ಇರುತ್ತೆ, ಅಡಿಯಲ್ಲಿ ಹಾಕಿದ್ರೆ ಕ್ಯೂಸೆಕ್ ಬರುತ್ತೆ. ಒಬ್ಬರು 1.37, ಇನ್ನೊಬ್ಬರು 2.49, ಯಾರು ಸರಿ ಅಂತ ತಲೆ ಕೆಡಿಸಿಕೊಳ್ಳಬೇಡಿ. 1.37ನ್ನ ಮೀಟರಿನ √9.8ರಿಂದ, ಅಂದ್ರೆ 3.13ರಿಂದ ಭಾಗಿಸಿ. 2.49ನ್ನ ಅಡಿಯ √32.2ರಿಂದ, ಅಂದ್ರೆ 5.67ರಿಂದ ಭಾಗಿಸಿ. ಎರಡೂ ಕಡೆ 0.44. ಬಾಲ ಕತ್ತರಿಸಿದ ಮೇಲೆ ಒಂದೇ ಅಂಕಿ ಉಳೀತು. ನಾನು ಕೆಲಸದಲ್ಲಿದ್ದಾಗ ಯಾವುದೇ ಹೊಸ ಕೈಪಿಡಿ ಸೂತ್ರ ಸಿಕ್ರೂ ಮೊದಲು ಹೀಗೆ g ಹೊರಗೆ ತೆಗೆದು ನೋಡ್ತಿದ್ದೆ.

ಧಾರವಾಡದ_ಅಕ್ಕೋರು

ಸರ್, ಅಲ್ಲೊಂದು ಸಿಕ್ಕ ಐತಲ್ರಿ. 2.48 ಘಾತ ಅಂದ್ರಿ. 2.5 ಅಲ್ಲ. ಹಂಗಾರ ಯೂನಿಟ್ ತಾಳಿ ಆಗೂದಿಲ್ಲ. ನಿಮ್ಮ ನಿಯಮದ ಪ್ರಕಾರ ಅದು ತಪ್ಪು ಸೂತ್ರ ಆಗಬೇಕಲ್ಲ?

ಹಳೇ_ಇಂಜಿನಿಯರ್

ಹಿಡಿದುಬಿಟ್ರಿ. ಅದು ಅಳೆದ ಅಂಕಿಗಳಿಗೆ ಹೊಂದಿಸಿದ ಗೆರೆ, ಸಿದ್ಧಾಂತದಿಂದ ಬಂದದ್ದಲ್ಲ. ಎರಡು ಇಂಚಿಗೆ ಅದು ಸೆಕೆಂಡಿಗೆ 0.83 ಲೀಟರ್ ಕೊಡುತ್ತೆ, ನಮ್ಮದು 0.80. ಘಾತದಲ್ಲಿರೋ ಆ 0.02ರ ವ್ಯತ್ಯಾಸ ಸುಮ್ನೆ ಬಂದದ್ದಲ್ಲ. g ಮತ್ತು h ಎರಡೇ ಆಡಳಿತ ನಡೆಸ್ತಿದ್ರೆ ಖಡಾಖಂಡಿತ 2.5 ಬರಬೇಕಿತ್ತು. ಬರಲಿಲ್ಲ ಅಂದ್ರೆ ಮೂರನೆಯವರು ಯಾರೋ ಕೈ ಆಡಿಸ್ತಾ ಇದಾರೆ ಅಂತ.

ಸಂಜೆ_ಕಾಲೇಜು

ಸಾಂದ್ರತೆನಾ? ನಾನು ಅದನ್ನೇ ಕೇಳಬೇಕು ಅಂತಿದ್ದೆ. ನೀರಿನ ಬದಲು ಹರಳೆಣ್ಣೆ ಹರಿದ್ರೂ ಇದೇ ಸೂತ್ರನಾ?

ಸಿಇಟಿ_ಸಂಗ್ರಾಮ

ಸಾಂದ್ರತೆ ಬರೋಕೆ ಆಗಲ್ಲ. ಅದರಲ್ಲಿ ಕೆಜಿ ಇದೆ. g ಯಲ್ಲಿ ಕೆಜಿ ಇಲ್ಲ, h ನಲ್ಲಿ ಇಲ್ಲ, Q ನಲ್ಲೂ ಇಲ್ಲ. ಒಬ್ಬನೇ ಕೆಜಿ ತಂದ್ರೆ ಅದನ್ನ ಹೊಡೆದು ಹಾಕೋರು ಯಾರು? ಹಾಗಾಗಿ ಎಣ್ಣೆಗೂ ಅದೇ ಸೂತ್ರ.

ಹಳೇ_ಇಂಜಿನಿಯರ್

ಮೊದಲ ಮೂರು ವಾಕ್ಯ ನೂರಕ್ಕೆ ನೂರು. ಕೊನೆಯದಕ್ಕೆ ಸೊನ್ನೆ. ಕೆಜಿ ತರೋ ಇನ್ನೊಬ್ಬರು ಬಂದ್ರೆ ಸಾಂದ್ರತೆಗೂ ಬಾಗಿಲು ತೆರೆಯುತ್ತೆ. ಹರಳೆಣ್ಣೆಗೆ ಸ್ನಿಗ್ಧತೆ ಜಾಸ್ತಿ, ಅದರ ಯೂನಿಟ್ಟಲ್ಲಿ ಕೆಜಿ ಇದೆ. ನೀರಿಗೆ ಮೇಲ್ಮೈ ಸೆಳೆತ ಇದೆ, 0.072 ನ್ಯೂಟನ್ ಪರ್ ಮೀಟರ್, ಅದರಲ್ಲೂ ಕೆಜಿ ಇದೆ. ಇದನ್ನ ಸಾಂದ್ರತೆ ಮತ್ತು g ಗುಣಲಬ್ಧದಿಂದ ಭಾಗಿಸಿ ವರ್ಗಮೂಲ ತೆಗೆದ್ರೆ ಬರೋದು ಒಂದು ಉದ್ದ, 2.7 ಮಿಲಿಮೀಟರ್. ಇಲೆಯ ಮೇಲೆ ಕೂತ ಹನಿ ಗುಂಡಗೆ ನಿಲ್ಲುತ್ತಲ್ಲ, ಆ ಅಳತೆ.

ಎತ್ತರ 2.7 ಮಿಮೀಗಿಂತ ಬಹಳ ದೊಡ್ಡದಾಗಿದ್ರೆ ಸೆಳೆತವನ್ನ ಮರೀಬಹುದು. ಮಧುಗಿರಿಯವರ ಒಂದು ಇಂಚು ಅದರ ಒಂಬತ್ತು ಪಟ್ಟು ಅಷ್ಟೇ, ಅದೂ ವಿ-ಯ ತುದಿ ಹತ್ತಿರ ಕಿಂಡಿ ಇನ್ನೂ ಕಿರಿದು. ನೀರು ತಗಡಿನಿಂದ ಸ್ವಚ್ಛವಾಗಿ ಹಾರದೆ ಅದರ ಮುಖಕ್ಕೇ ಅಂಟಿಕೊಂಡು ಇಳಿಯುತ್ತೆ. ಅಂಟಿಕೊಂಡದ್ದು ಕಣ್ಣಿಗೇ ಕಾಣುತ್ತೆ. ಸುಮಾರು ಆರು ಸೆಂಟಿಮೀಟರಿಗಿಂತ ಕಮ್ಮಿ ಎತ್ತರದಲ್ಲಿ ಈ ಸೂತ್ರ ನಂಬಬೇಡಿ ಅಂತ ಕೈಪಿಡಿಗಳು ಹೇಳೋದು ಇದಕ್ಕೇ. ಶಿರಾದ ಎರಡು ಇಂಚು ಅಂದ್ರೆ 5 ಸೆಂಟಿಮೀಟರ್. ಗಡಿಯ ಒಳಗೂ ಇಲ್ಲ.

ಮಧುಗಿರಿ_ರೈತ

ಹಾಗಾದ್ರೆ ನಂದು 500 ಲೀಟರೂ ಗ್ಯಾರಂಟಿ ಇಲ್ಲ. ಅದನ್ನ ಗ್ಯಾಲನ್ನಲ್ಲಿ ಹೇಳಿ, ರಿಗ್‌ನವನು ಗ್ಯಾಲನ್ ಅಂದಿದ್ದ.

ನ್ಯೂಜರ್ಸಿ_ಕನ್ನಡಿಗ

ಯಾವ ಗ್ಯಾಲನ್? ನಮ್ಮೂರಿನದು 3.785 ಲೀಟರ್, ಬ್ರಿಟಿಷರದ್ದು 4.546. ಶಿರಾದ 2,870 ಲೀಟರ್ ಒಂದರಲ್ಲಿ 758 ಗ್ಯಾಲನ್, ಇನ್ನೊಂದರಲ್ಲಿ 631.

ಗುಂಡ್ಲುಪೇಟೆ_ಗಿರಾಕಿ

ಕೊಡುವಾಗ ಸಣ್ಣ ಗ್ಯಾಲನ್, ತಗೊಳ್ಳುವಾಗ ದೊಡ್ಡ ಗ್ಯಾಲನ್.

ಹಳೇ_ಇಂಜಿನಿಯರ್

ಶಿರಾದವರೇ, ಇದ್ದೀರಾ? ಆ ತಗಡು ಇನ್ನೂ ಅಲ್ಲೇ ಇದ್ರೆ ಒಂದು ಕೆಲಸ ಮಾಡಿ. ನಾವು ಇಲ್ಲಿ ಹಾಕಿದ ಲೆಕ್ಕವೆಲ್ಲ 90 ಡಿಗ್ರಿ ಕಿಂಡಿಗೆ. ಕೋನಕ್ಕೆ ಯೂನಿಟ್ಟೇ ಇಲ್ಲ, ಹಾಗಾಗಿ ಅದು ತಪ್ಪಿದ್ರೆ ಯೂನಿಟ್ ನೋಡಿ ಯಾರಿಗೂ ಗೊತ್ತಾಗಲ್ಲ. ಮೇಲ್ಗಡೆ ಅಗಲ ಎಷ್ಟು, ತುದಿಯವರೆಗೆ ಆಳ ಎಷ್ಟು ಅಂತ ಟೇಪ್ ಹಿಡಿದು ಹೇಳಿ. ಅಗಲ ಆಳದ ಸರಿಯಾಗಿ ಎರಡರಷ್ಟಿರಬೇಕು.

ಶಿರಾ_ಹುಡುಗ

ಇವತ್ತು ಬೆಳಿಗ್ಗೆ ತೋಟಕ್ಕೆ ಹೋಗಿದ್ದೆ. ತಗಡು ಅಲ್ಲೇ ಬಿಟ್ಟು ಹೋಗಿದಾರೆ, ಯಾವುದೋ ಹಳೇ ಡ್ರಮ್ಮಿನ ಮುಚ್ಚಳ ಕತ್ತರಿಸಿದ್ದು, ಅಂಚೆಲ್ಲ ಡೊಂಕು. ಅಗಲ ಎಂಟು ಇಂಚು, ಆಳ ಆರು ಇಂಚು. ಹನ್ನೆರಡು ಇರಬೇಕಿತ್ತು!

ಅರ್ಧ ಕೋನದ ಟ್ಯಾನ್ 4/6, ಅಂದ್ರೆ 0.67. 90 ಡಿಗ್ರಿಗೆ ಅದು 1. ಹಾಗಾಗಿ 0.8 ಹೋಗಿ 0.53 ಆಯ್ತು, ಗಂಟೆಗೆ 1,900 ಲೀಟರ್ ಆಸುಪಾಸು. 56 ಸಾವಿರದಿಂದ ಎಲ್ಲಿಗೆ ಬಂದೆ ನೋಡಿ. ಸರಿನಾ ಸಾರ್?

ಹಳೇ_ಇಂಜಿನಿಯರ್

ಲೆಕ್ಕ ಸರಿ. ಡೊಂಕು ಅಂಚಿಗೆ 0.58 ನಿಲ್ಲುತ್ತೆ ಅಂತ ನಾನು ಮಾತು ಕೊಡಲ್ಲ, ಅದು ಚೂಪಾದ ಅಂಚಿನ ಅಂಕಿ. ಇನ್ನೂರು ಲೀಟರ್ ಡ್ರಮ್ ಇಟ್ಟು ಗಡಿಯಾರ ನೋಡೋದೇ ವಾಸಿ. ಸೆಕೆಂಡಿಗೆ 0.53 ಅಂದ್ರೆ ಆರೂಕಾಲು ನಿಮಿಷ ಹಿಡೀಬೇಕು.

ಪಂಪ್_ಅಂಗಡಿ

ಅದೂ ರಿಗ್‌ನ ಕಂಪ್ರೆಸರ್ ಗಾಳಿಗೆ ಎದ್ದ ನೀರು. ಬೋರಲ್ಲಿ ನಿಂತಿದ್ದೂ ಸೇರಿ ಬರುತ್ತೆ. ಮೋಟರ್ ಇಳಿಸಿ ಎರಡು ಗಂಟೆ ಓಡಿಸಿದ ಮೇಲೆ ಅಳೆದದ್ದೇ ನಿಜ. ನಾನಂತೂ ತಗಡಿನ ಇಂಚಲ್ಲಿ ಅರ್ಧ ಹೊಡೆದೇ ಮೋಟರ್ ಹೇಳೋದು.

ಹಳೇ_ಇಂಜಿನಿಯರ್

ಅರ್ಧ ಅಂತ ಕಣ್ಣಳತೆಯಲ್ಲಿ ಹೊಡೆಯೋದನ್ನ ನಾನು ಒಪ್ಪಲ್ಲ. ಕೆಲವು ಬೋರಲ್ಲಿ ಗಾಳಿಯಲ್ಲಿ ಬಂದಷ್ಟೇ ಮೋಟರಲ್ಲೂ ಬಂದದ್ದು ನೋಡಿದೀನಿ, ಕೆಲವಲ್ಲಿ ವಾರದಲ್ಲೇ ಇಳಿದದ್ದೂ ನೋಡಿದೀನಿ.

ಪಂಪ್_ಅಂಗಡಿ

ನೀವು ನೋಡಿದ್ದು ಸರ್ಕಾರಿ ಬೋರು. ರೈತ ಬೈಯೋದು ನನಗೆ.

ಶಿರಾ_ಹುಡುಗ

ಈ ಜಗಳ ಮುಂದುವರಿಸೋಕೆ ಮೊದಲು ಒಂದು ವಿಷಯ. ಚಿಕ್ಕಪ್ಪ ನಿನ್ನೆ ಸಂಜೆಯೇ ಐದು ಎಚ್‌ಪಿ ಮೋಟರಿಗೆ ಅಡ್ವಾನ್ಸ್ ಕೊಟ್ಟು ಬಂದಿದಾರೆ. ಪಂಪು ಅರ್ಧ ತಿನ್ನುತ್ತೆ ಅಂತ ಹಿಡಿದು ಲೆಕ್ಕ ಹಾಕಿದೆ, 122 ಮೀಟರಿಂದ ಸೆಕೆಂಡಿಗೆ ಒಂದೂವರೆ ಲೀಟರ್ ಎಳೆಯುತ್ತೆ. ಬರೋದು ಅರ್ಧ ಲೀಟರ್, ಎಳೆಯೋದು ಒಂದೂವರೆ. ಯೂನಿಟ್ ಈ ಸಲ ಎರಡೆರಡು ಬಾರಿ ನೋಡಿದೀನಿ.

ಪಂಪ್_ಅಂಗಡಿ

ಅಷ್ಟೇ ಕಥೆ. ಬೋರ್ ಖಾಲಿ ಮಾಡಿ ಒಣಗಿದ ಪಂಪ್ ತಿರುಗುತ್ತೆ. ಅಡ್ವಾನ್ಸ್ ಯಾವ ಅಂಗಡಿಗೆ ಕೊಟ್ರು? ಇವತ್ತೇ ಹೋಗಿ ಎರಡು ಎಚ್‌ಪಿಗೆ ಬದಲಾಯಿಸಿಕೊಳ್ಳಿ, ಡಬ್ಬ ಬಿಚ್ಚೋಕೆ ಮೊದಲು ಹೋದ್ರೆ ಯಾರೂ ಇಲ್ಲ ಅನ್ನಲ್ಲ.

ಶಿರಾ_ಹುಡುಗ

ಹೇಳಿದೆ. "56 ಸಾವಿರ ಅಂದೋನೂ ನೀನೇ, ಈಗ ಎರಡು ಸಾವಿರನೂ ಇಲ್ಲ ಅನ್ನೋನೂ ನೀನೇ, ನಾಳೆ ಎಷ್ಟು ಅಂತೀಯೋ ನೋಡಿಕೊಂಡು ಹೋಗ್ತೀನಿ" ಅಂತಿದಾರೆ. ಡ್ರಮ್ ಹುಡುಕ್ತಾ ಇದೀನಿ.